ಹೊಟ್ಟೆಯೊಳಗೆ ಐದು ಮಾಪ್ ಬಿಟ್ಟಿದೆ

ಆಪರೇಷನ್ ಮುಗಿದ ಮೇಲೆ ಸರ್ಜನ್ ಬರೆದಿಡುವ ಒಂದೆರಡು ಪುಟಕ್ಕೆ ಆಸ್ಪತ್ರೆಯವರ ಬಾಯಲ್ಲಿ ಓಟಿ ನೋಟ್ಸ್ ಎಂದು ಹೆಸರು. ರೋಗಿಯ ಮನೆಯವರು ಅದನ್ನು ನೋಡುವುದು ಅಪರೂಪ. ಅವರ ಕೈಗೆ ಬರುವುದು ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಲ್ಲು. ಓಟಿ ನೋಟ್ಸ್ ಕೇಸ್ ಶೀಟಿನ ನಡುವೆ ಎಲ್ಲೋ ಸೇರಿಕೊಂಡು ರೆಕಾರ್ಡ್ ರೂಮಿಗೆ ಹೋಗಿಬಿಡುತ್ತದೆ. ಆಪರೇಷನ್ ಮಾಡಿದವರೇ ಕೊನೆಯವರೆಗೂ ರೋಗಿಯನ್ನು ನೋಡಿಕೊಂಡರೆ ಆ ಹಾಳೆಯಲ್ಲಿ ಏನಿದ್ದರೂ ನಡೆದೀತು, ಬೇಕಾದದ್ದು ಅವರ ನೆನಪಿನಲ್ಲಿರುತ್ತದೆ. ಒಬ್ಬರು ತೆರೆದ ಹೊಟ್ಟೆಯನ್ನು ಇನ್ನೊಂದು ಊರಿನಲ್ಲಿ, ಇನ್ನೊಬ್ಬರು ಮತ್ತೆ ತೆರೆಯಬೇಕಾಗಿ ಬಂದಾಗ ಮಾತ್ರ ಅದರ ಒಂದೊಂದು ಸಾಲೂ ಲೆಕ್ಕಕ್ಕೆ ಬರುತ್ತದೆ.

ಅಂಥದೊಂದು ಪ್ರಕರಣವನ್ನು ಇಟ್ಟುಕೊಂಡೇ ಮಾತಾಡೋಣ. ವಿವರಗಳನ್ನು ನಾನು ಜೋಡಿಸಿದ್ದೇನೆ, ಯಾವುದೇ ಒಬ್ಬ ರೋಗಿಯ ಕಥೆ ಇದಲ್ಲ. ಆದರೆ ಮಲೆನಾಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡಿದ ಯಾವ ಸರ್ಜನ್ನಿಗೂ ಇದು ಹೊಸತು ಅನ್ನಿಸಲಾರದು.

ಅಡಿಕೆ ತೋಟದಲ್ಲಿ ಕೆಲಸ ಮಾಡುವ, 38 ವರ್ಷದ ಗಂಡಸು. ರಾತ್ರಿ 8 ಗಂಟೆಗೆ ಬೈಕಿನಲ್ಲಿ ಮನೆಗೆ ಹೋಗುವಾಗ ರಸ್ತೆ ಬದಿ ನಿಂತಿದ್ದ ಲಾರಿಯ ಹಿಂಬದಿಗೆ ಗುದ್ದಿದ್ದಾನೆ. ಹ್ಯಾಂಡಲ್ ಹೊಟ್ಟೆಗೆ ಒತ್ತಿದೆ. ಮೇಲೆ ನೋಡಿದರೆ ತರಚು ಗಾಯ ಅಷ್ಟೇ. 108 ಆಂಬುಲೆನ್ಸ್ ಅವನನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ 9 ಗಂಟೆ ದಾಟಿತ್ತು. ಬಿಪಿ 80ಕ್ಕೆ ಇಳಿದಿತ್ತು, ನಾಡಿ 136. ಸ್ಕ್ಯಾನಿನಲ್ಲಿ ಹೊಟ್ಟೆಯ ತುಂಬ ದ್ರವ. ಮೆಡಿಕಲ್ ಕಾಲೇಜು ಆಸ್ಪತ್ರೆ ಘಟ್ಟದ ಆಚೆ, ಎರಡೂವರೆ ಗಂಟೆಯ ದಾರಿ. ಅಲ್ಲಿಗೆ ಹಾಗೆಯೇ ಕಳಿಸಿದರೆ ದಾರಿಯಲ್ಲೇ ಪ್ರಾಣ ಹೋಗುತ್ತದೆ. ಸರ್ಜನ್ ಹೊಟ್ಟೆ ತೆರೆಯುತ್ತಾರೆ. ಲಿವರ್ ಸೀಳಿದೆ, ಕರುಳಿಗೂ ಪೆಟ್ಟಾಗಿದೆ. ರಕ್ತ ನಿಲ್ಲಿಸಲು ಎಷ್ಟು ಬೇಕೋ ಅಷ್ಟು ಮಾಡಿ, ಉಳಿದದ್ದನ್ನು ಬೇಕೆಂದೇ ಬಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, ಅರ್ಧರಾತ್ರಿಗೆ ರೋಗಿಯನ್ನು ಮುಂದಕ್ಕೆ ಕಳಿಸುತ್ತಾರೆ.

ಹೀಗೆ ಅರ್ಧಕ್ಕೆ ನಿಲ್ಲಿಸುವುದನ್ನು ಡ್ಯಾಮೇಜ್ ಕಂಟ್ರೋಲ್ ಎನ್ನುತ್ತಾರೆ. 1993ರಲ್ಲಿ ಫಿಲಡೆಲ್ಫಿಯಾದ ರೊಟಾಂಡೊ, ಶ್ವಾಬ್ ಮತ್ತು ಜೊತೆಯವರು ಈ ಹೆಸರನ್ನು ಬಳಕೆಗೆ ತಂದರು. ತೂತು ಬಿದ್ದ ಹಡಗನ್ನು ಮುಳುಗದಂತೆ ದಡ ಮುಟ್ಟಿಸುವ ನೌಕಾಪಡೆಯ ಪದ್ಧತಿಯ ಹೆಸರು ಅದು. ತುಂಬ ರಕ್ತ ಕಳೆದುಕೊಂಡವನ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ರಕ್ತ ಹೆಪ್ಪುಗಟ್ಟುವುದನ್ನೇ ಬಿಡುತ್ತದೆ. ಈ ಮೂರೂ ಒಂದನ್ನೊಂದು ಎಳೆದುಕೊಂಡು ಹೋಗುತ್ತವೆ. ಅಂಥ ಮೈಯಲ್ಲಿ ಎರಡು ಮೂರು ಗಂಟೆ ನಿಂತು ಅಚ್ಚುಕಟ್ಟಾಗಿ ಕರುಳು ಜೋಡಿಸಿದರೆ ಜೋಡಣೆ ಚೆನ್ನಾಗಿರುತ್ತದೆ, ರೋಗಿ ಇರುವುದಿಲ್ಲ. ಹಾಗಾಗಿ ಆಪರೇಷನ್ ಎರಡು ಭಾಗವಾಗುತ್ತದೆ. ಎರಡನೆಯ ಭಾಗ ಮಾಡುವವರು ಮೊದಲನೆಯ ಭಾಗವನ್ನು ಕಣ್ಣಾರೆ ನೋಡಿರುವುದಿಲ್ಲ.

ರೋಗಿಯ ಜೊತೆ ಹೋದ ನೋಟ್ಸ್ ಹೀಗಿತ್ತು ಎಂದುಕೊಳ್ಳಿ. ನಮ್ಮಲ್ಲಿ ಇದನ್ನು ಇಂಗ್ಲಿಷಿನಲ್ಲೇ ಬರೆಯುವುದು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ: “ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯಲಾಯಿತು. ಒಳಗೆ ರಕ್ತ ಇತ್ತು, ತೆಗೆಯಲಾಯಿತು. ಲಿವರಿಗೆ ಗಾಯ, ಪ್ಯಾಕಿಂಗ್ ಮಾಡಲಾಗಿದೆ. ಕೊಳೆತ ಕರುಳು ತೆಗೆಯಲಾಗಿದೆ. ಉಳಿದ ಅಂಗಗಳು ನಾರ್ಮಲ್. ರಕ್ತಸ್ರಾವ ಹತೋಟಿಯಲ್ಲಿದೆ. ಹೆಚ್ಚಿನ ಚಿಕಿತ್ಸೆಗೆ ಕಳಿಸಿದೆ.”

ಇದರಲ್ಲಿ ಸುಳ್ಳು ಹೆಚ್ಚೇನೂ ಇಲ್ಲ. ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ನಡೆದದ್ದೇ. ಆ ಒಂದು ಮಾತಿಗೆ ಆಮೇಲೆ ಬರುತ್ತೇನೆ. ಆದರೂ ಬೆಳಗಿನ ಜಾವ ಮೂರಕ್ಕೆ ಇದನ್ನು ಕೈಯಲ್ಲಿ ಹಿಡಿದ ಸರ್ಜನ್ ಮೊದಲು ಮಾಡುವ ಕೆಲಸ ತಾಲ್ಲೂಕು ಆಸ್ಪತ್ರೆಗೆ ಫೋನು ಹಚ್ಚುವುದು. ಅಲ್ಲಿಯ ಸರ್ಜನ್ ಆಗ ಇನ್ನೊಂದು ಸಿಸೇರಿಯನ್ನಿಗೆ ಸಹಾಯಕ್ಕೆ ನಿಂತಿರಬಹುದು, ಅಥವಾ ನಿದ್ದೆಯಲ್ಲಿರಬಹುದು.

ಪ್ಯಾಕಿಂಗ್ ಎಂಬ ಒಂದೇ ಶಬ್ದವನ್ನು ಎತ್ತಿಕೊಳ್ಳೋಣ. ಸೀಳಿದ ಲಿವರಿನ ಸುತ್ತ ದೊಡ್ಡ ಮಾಪ್‌ಗಳನ್ನು ಒತ್ತಿಟ್ಟು, ಸೀಳಿನ ಎರಡು ಅಂಚು ಒಂದಕ್ಕೊಂದು ಸೇರುವಂತೆ ಬಿಗಿ ಮಾಡುವುದು ಇದರ ಅರ್ಥ. ಮಾಪ್ ಎಂದರೆ ಹಲವು ಪದರದ ಹತ್ತಿ ಬಟ್ಟೆ, ಮೂಲೆಯಲ್ಲಿ ಒಂದು ಲಾಡಿ, ಒಳಗೆ ಎಕ್ಸ್‌ರೇಯಲ್ಲಿ ಕಾಣುವ ಒಂದು ಎಳೆ. ರಕ್ತದಲ್ಲಿ ನೆನೆದ ಮಾಪ್ ಒಂದು ದಿನದ ಹೊತ್ತಿಗೆ ಹೊಟ್ಟೆಯೊಳಗಿನ ಕೊಬ್ಬಿನ ಹಾಗೆ, ಕರುಳಿನ ಹಾಗೆ ಕಾಣತೊಡಗುತ್ತದೆ. ಲಿವರಿನ ಹಿಂದೆ, ಬೆನ್ನಿನ ಕಡೆ ಸಿಕ್ಕಿಕೊಂಡದ್ದು ಕೈಗೆ ಸುಲಭಕ್ಕೆ ಎಟಕುವುದೂ ಇಲ್ಲ. ಎಷ್ಟು ಇಟ್ಟಿದೆ ಎಂದು ಗೊತ್ತಿಲ್ಲದಿದ್ದರೆ ಎಷ್ಟು ತೆಗೆದರೆ ಮುಗಿಯಿತು ಎಂದೂ ಗೊತ್ತಾಗುವುದಿಲ್ಲ. ನಾಲ್ಕು ತೆಗೆದು ಐದನೆಯದನ್ನು ಬಿಟ್ಟು ಹೊಟ್ಟೆ ಮುಚ್ಚಿದರೆ ಅದು ಕೀವುಗಟ್ಟಬಹುದು, ಇಲ್ಲವೇ ಸುತ್ತ ಗಟ್ಟಿ ಪೊರೆ ಬೆಳೆದು ವರ್ಷಗಳ ನಂತರ ಗೆಡ್ಡೆಯ ವೇಷದಲ್ಲಿ ಕಾಣಿಸಿಕೊಳ್ಳಬಹುದು.

ಆದ್ದರಿಂದ ನೋಟ್ಸಿನಲ್ಲಿ ಇರಬೇಕಾದದ್ದು ಹೀಗೆ: “ದೊಡ್ಡ ಮಾಪ್ 5, ಬೇಕೆಂದೇ ಒಳಗೆ ಬಿಟ್ಟಿದೆ. ಲಿವರಿನ ಮೇಲೆ, ವಪೆಯ ಕೆಳಗೆ 2. ಬಲ ಪಕ್ಕದಲ್ಲಿ, ಲಿವರಿನ ಹಿಂದಕ್ಕೆ 1. ಲಿವರಿನ ಅಡಿಯಲ್ಲಿ 2. ಸೀಳಿನ ಒಳಗೆ ಏನನ್ನೂ ತುರುಕಿಲ್ಲ. ಒಟ್ಟು ತೆರೆದ ಮಾಪ್ 14, ಹೊರಗೆ ಎಣಿಸಿದ್ದು 9. ಇಟ್ಟ ಸಮಯ ರಾತ್ರಿ 10.50.” ಲೆಕ್ಕ ಹೇಳುವವರು ಸ್ಕ್ರಬ್ ನರ್ಸ್, ಅವರ ಎಣಿಕೆ ಹಾಳೆಯಲ್ಲಿರುವ ಸಂಖ್ಯೆ ಮತ್ತು ಸರ್ಜನ್ ನೋಟ್ಸಿನ ಸಂಖ್ಯೆ ಒಂದೇ ಆಗಿರಬೇಕು. ಸಂಖ್ಯೆಯ ಪಕ್ಕದಲ್ಲಿ “ಬೇಕೆಂದೇ” ಎಂಬುದೂ ಇರಬೇಕು. ಇಲ್ಲದಿದ್ದರೆ ದಾಖಲೆ ಓದುವವನಿಗೆ ಐದು ಮಾಪ್ ಕಡಿಮೆ ಬಿದ್ದ ಲೆಕ್ಕ ಕಾಣುತ್ತದೆಯೇ ಹೊರತು ತಿಳಿದು ಇಟ್ಟ ಐದು ಮಾಪ್ ಕಾಣುವುದಿಲ್ಲ.

ಸಮಯ ಬರೆಯುವುದಕ್ಕೂ ಅಷ್ಟೇ ಗಟ್ಟಿ ಕಾರಣವಿದೆ. ಇಂಥ ಮಾಪ್‌ಗಳನ್ನು ಸಾಮಾನ್ಯವಾಗಿ ಒಂದು ದಿನ ಕಳೆದ ಮೇಲೆ, ಮೂರು ದಿನದ ಒಳಗೆ ತೆಗೆಯುತ್ತಾರೆ. ಬೇಗ ತೆಗೆದರೆ ಸೀಳು ಮತ್ತೆ ಬಾಯಿಬಿಡುತ್ತದೆ. ತಡ ಮಾಡಿದಷ್ಟೂ ಸೋಂಕಿನ ಭಯ ಏರುತ್ತದೆ. ಮೆಡಿಕಲ್ ಕಾಲೇಜಿನ ಸರ್ಜನ್ ಆ ಗಡಿಯಾರವನ್ನು ತಮ್ಮ ಆಸ್ಪತ್ರೆಗೆ ರೋಗಿ ಬಂದ ಹೊತ್ತಿನಿಂದ ಎಣಿಸುವಂತಿಲ್ಲ. ಮಾಪ್ ಇಟ್ಟ ಹೊತ್ತಿನಿಂದಲೇ ಎಣಿಸಬೇಕು.

ಲಿವರಿನ ಗಾಯದ ವಿಷಯಕ್ಕೆ ಬಂದರೆ, “ಲಿವರಿಗೆ ಗಾಯ” ಎಂಬ ಮಾತಿನಲ್ಲಿ ಕೂದಲೆಳೆಯ ಬಿರುಕೂ ಸೇರುತ್ತದೆ, ಅರ್ಧ ಲಿವರ್ ನಜ್ಜುಗುಜ್ಜಾದದ್ದೂ ಸೇರುತ್ತದೆ. ಸರ್ಜನ್‌ಗಳು ಲಿವರನ್ನು ರಕ್ತನಾಳಗಳ ಹಂಚಿಕೆಯ ಮೇಲೆ 8 ಭಾಗ ಮಾಡಿಕೊಂಡಿದ್ದಾರೆ. “ಬಲಭಾಗದ 6 ಮತ್ತು 7ನೇ ಸೆಗ್ಮೆಂಟ್, 10 ಸೆಂ.ಮೀ. ಉದ್ದ, 4 ಸೆಂ.ಮೀ. ಆಳದ ಸೀಳು, ಕಪ್ಪು ರಕ್ತ ಒಂದೇ ಸಮ ಜಿನುಗುತ್ತಿತ್ತು” ಎಂದು ಬರೆದರೆ ಓದುವವನ ಕಣ್ಣಿಗೆ ಗಾಯ ಕಟ್ಟುತ್ತದೆ. ಅದರ ಜೊತೆ ಇನ್ನೊಂದು ಸಾಲು ಇದ್ದರೆ ಆ ಗಾಯದ ಸ್ವಭಾವವೂ ತಿಳಿಯುತ್ತದೆ: “ಲಿವರಿಗೆ ಹೋಗುವ ರಕ್ತನಾಳಗಳ ಗೊಂಚಲನ್ನು ಹಿಡಿದಾಗ ರಕ್ತ ಬಹುಪಾಲು ನಿಂತಿತು. ಎರಡು ಸಲ ಹಿಡಿಯಲಾಯಿತು, 10 ನಿಮಿಷ ಮತ್ತು 12 ನಿಮಿಷ, ನಡುವೆ 5 ನಿಮಿಷ ಬಿಡುವು. ಪ್ಯಾಕ್ ಮಾಡಿ ಬಿಟ್ಟ ಮೇಲೆ ಹೊಸ ರಕ್ತ ಇಲ್ಲ.”

ಗೊಂಚಲು ಹಿಡಿಯುವ ಈ ಉಪಾಯ ಗ್ಲಾಸ್ಗೊದ ಜೇಮ್ಸ್ ಹೊಗಾರ್ತ್ ಪ್ರಿಂಗಲ್ 1908ರಲ್ಲಿ ಬರೆದಿಟ್ಟದ್ದು, ಇವತ್ತಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಹಿಡಿದಾಗ ರಕ್ತ ನಿಂತರೆ ಅದು ಲಿವರಿನ ಒಳಗೆ ಹೋಗುವ ನಾಳಗಳದ್ದು. ಹಿಡಿದರೂ ನಿಲ್ಲದಿದ್ದರೆ ಲಿವರಿನ ಹಿಂದಿನ ದೊಡ್ಡ ಅಭಿಧಮನಿಗಳು ಹರಿದಿರುವ ಶಂಕೆ. ಅಂಥ ಹೊಟ್ಟೆಯಲ್ಲಿ ಮಾಪ್ ಸರಿಸುವ ಮೊದಲು ಮಾಡಿಕೊಳ್ಳಬೇಕಾದ ತಯಾರಿಯೇ ಬೇರೆ. ರಕ್ತ ಎಷ್ಟು ಯೂನಿಟ್ ತರಿಸಿಡಬೇಕು, ಲಿವರ್ ಪರಿಣತರನ್ನು ಕರೆಯಬೇಕೆ, ಎದೆಯನ್ನೂ ತೆರೆಯುವ ಸಿದ್ಧತೆ ಬೇಕೆ ಎಂಬುದೆಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ. ನೋಟ್ಸಿನಲ್ಲಿ ಅದಿಲ್ಲದಿದ್ದರೆ ಎರಡನೆಯ ತಂಡ ಅದನ್ನು ಮೊದಲಿಂದ ಪರೀಕ್ಷಿಸಿಯೇ ತಿಳಿಯಬೇಕು, ಅದೂ ರಕ್ತ ಮತ್ತೆ ಚಿಮ್ಮಿದ ಮೇಲೆ.

ಇನ್ನು ಕರುಳು. ನನಗೆ ಕೇಳಿದರೆ ಆ ಏಳು ವಾಕ್ಯಗಳ ನೋಟ್ಸಿನಲ್ಲಿ ತೀರಾ ಅಪಾಯದ ವಾಕ್ಯ “ಕೊಳೆತ ಕರುಳು ತೆಗೆಯಲಾಗಿದೆ” ಎಂಬುದು. ತೆಗೆದ ಮೇಲೆ ಏನು ಮಾಡಿದಿರಿ? ಜೋಡಿಸಿದಿರಾ, ಹೊಟ್ಟೆಯ ಮೇಲೆ ಬಾಯಿ ತಂದಿರಾ, ಎರಡು ತುದಿ ಕಟ್ಟಿ ಒಳಗೇ ಬಿಟ್ಟಿರಾ? ಡ್ಯಾಮೇಜ್ ಕಂಟ್ರೋಲಿನಲ್ಲಿ ಕೊನೆಯದ್ದೇ ಹೆಚ್ಚು. ಹಾಳಾದ ತುಂಡನ್ನು ಕತ್ತರಿಸಿ, ಎರಡೂ ತುದಿಗಳನ್ನು ಸ್ಟೇಪ್ಲರಿನಿಂದಲೋ ದಪ್ಪ ದಾರದಿಂದಲೋ ಮುಚ್ಚಿ ಬಿಡುತ್ತಾರೆ. ಜೋಡಣೆ ಆಮೇಲಿನ ಕೆಲಸ. ಆಗ ಆ ಮನುಷ್ಯನ ಕರುಳು ಎರಡು ತುಂಡು, ನಡುವೆ ದಾರಿ ಇಲ್ಲ.

ಇದನ್ನು ನೋಟ್ಸ್ ಹೇಳದಿದ್ದರೆ ಐಸಿಯುನಲ್ಲಿ ಮಾರನೆಯ ದಿನ ನಡೆಯುವುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕರುಳು ಜೋಡಿಸಿಯೇ ಇರುತ್ತಾರೆ ಎಂದುಕೊಂಡು ಮೂಗಿನ ಟ್ಯೂಬಿನ ಮೂಲಕ ಆಹಾರ ಶುರು ಮಾಡುತ್ತಾರೆ. ಗಾಯಾಳುಗಳಿಗೆ ಬೇಗ ಆಹಾರ ಕೊಡುವುದು ಒಳ್ಳೆಯ ಅಭ್ಯಾಸವೇ. ಆಹಾರ ಹೋಗಿ ಮುಚ್ಚಿದ ತುದಿಗೆ ಬಡಿಯುತ್ತದೆ, ಕರುಳು ಉಬ್ಬುತ್ತದೆ, ತುದಿಯ ಹೊಲಿಗೆ ಬಿಚ್ಚಿಕೊಳ್ಳಬಹುದು. ಏನೂ ಕೊಡದೆ ಇದ್ದರೂ ಕರುಳು ತನ್ನ ರಸವನ್ನು ತಾನೇ ಸುರಿಸಿಕೊಳ್ಳುತ್ತಿರುತ್ತದೆ. ಆದ್ದರಿಂದ ಕಟ್ಟಿದ ತುದಿಗಳನ್ನು ಒಂದೆರಡು ದಿನಕ್ಕಿಂತ ಹೆಚ್ಚು ಹಾಗೆ ಬಿಡುವುದು ಒಳ್ಳೆಯದಲ್ಲ. ಎರಡನೆಯ ಆಪರೇಷನ್ನಿನ ಹೊತ್ತನ್ನು ಮಾಪ್‌ನ ಗಡಿಯಾರದ ಜೊತೆಗೆ ಈ ಗಡಿಯಾರವೂ ತೀರ್ಮಾನಿಸುತ್ತದೆ.

ಇಲ್ಲಿ ಅಳತೆಯೂ ಬೇಕು. ಸಣ್ಣ ಕರುಳಿಗೆ ಎರಡು ಗಟ್ಟಿ ಗುರುತುಗಳಿವೆ. ಮೇಲೆ, ಡುವೊಡಿನಂ ಬೆನ್ನ ಕಡೆಯಿಂದ ಹೊರಳಿ ಹೊರಬರುವ ಡಿಜೆ ಎಂಬ ತಿರುವು. ಕೆಳಗೆ, ಅದು ದೊಡ್ಡ ಕರುಳನ್ನು ಸೇರುವ ಐಸಿ ಜಂಕ್ಷನ್. ಒಳ್ಳೆಯ ನೋಟ್ಸ್ ಈ ಎರಡು ಊರಿನಿಂದ ದೂರ ಹೇಳುತ್ತದೆ: “ಡಿಜೆಯಿಂದ 150 ಸೆಂ.ಮೀ.ಗೆ ಕರುಳಿನ ಪರದೆ ಕರುಳಿನ ಅಂಚಿನಿಂದಲೇ ಕಿತ್ತು ಬಂದಿದೆ. 40 ಸೆಂ.ಮೀ. ಕರುಳು ತೆಗೆಯಲಾಗಿದೆ. ಕೆಳಗಿನ ತುದಿಯಿಂದ ಐಸಿವರೆಗೆ 180 ಸೆಂ.ಮೀ. ಉಳಿದಿದೆ. ಎರಡೂ ತುದಿ ಮುಚ್ಚಿದೆ, ಜೋಡಿಸಿಲ್ಲ, ಹೊರಗೆ ತಂದಿಲ್ಲ. ಮೇಲಿನ ತುದಿಗೆ ಉದ್ದ ನೀಲಿ ದಾರ ಗುರುತಿಗೆ ಬಿಟ್ಟಿದೆ.” ಪರದೆ ಅಂದರೆ ಕರುಳಿಗೆ ರಕ್ತ ತಂದುಕೊಡುವ ನಾಳಗಳು ಓಡಾಡುವ ತೆಳು ಹಾಳೆ. ಹ್ಯಾಂಡಲ್ ಒತ್ತಿದ ಹೊಟ್ಟೆಗಳಲ್ಲಿ ಅದು ಕರುಳಿನಿಂದ ಬೇರ್ಪಟ್ಟು, ಕರುಳು ಬಕೆಟ್ಟಿನ ಹಿಡಿಯಂತೆ ಜೋತಾಡುವುದು ಗೊತ್ತಿರುವ ಗಾಯವೇ; ಸರ್ಜನ್‌ಗಳು ಅದಕ್ಕೆ ಬಕೆಟ್ ಹ್ಯಾಂಡಲ್ ಎಂದೇ ಹೆಸರಿಟ್ಟಿದ್ದಾರೆ.

ತೆಗೆದ ಉದ್ದಕ್ಕಿಂತ ಉಳಿದ ಉದ್ದ ಮುಖ್ಯ, ಮತ್ತು ಬಿಟ್ಟುಹೋಗುವುದು ಅದೇ. ಸಣ್ಣ ಕರುಳಿನ ಉದ್ದ ಮನುಷ್ಯನಿಂದ ಮನುಷ್ಯನಿಗೆ ಮೀಟರುಗಟ್ಟಲೆ ಬದಲಾಗುತ್ತದೆ. ಒಬ್ಬನಿಗೆ 3 ಮೀಟರ್ ಇದ್ದರೆ ಇನ್ನೊಬ್ಬನಿಗೆ 7 ಇದ್ದೀತು. 40 ಸೆಂ.ಮೀ. ತೆಗೆದೆ ಎಂದರೆ ಎಷ್ಟರಲ್ಲಿ ಎಂದು ಗೊತ್ತಾಗುವುದಿಲ್ಲ. ನಮ್ಮ ರೋಗಿಗೆ ಉಳಿದದ್ದು 330 ಸೆಂ.ಮೀ. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಇಳಿದರೆ ಉಂಡದ್ದು ಮೈಗೆ ಹತ್ತದ ತೊಂದರೆ ಶುರುವಾಗಬಹುದು. ಎರಡನೆಯ ತಂಡಕ್ಕೆ ಇನ್ನೊಂದಷ್ಟು ಕರುಳು ತೆಗೆಯುವ ಪ್ರಸಂಗ ಬಂದರೆ ಎಷ್ಟು ಅವಕಾಶವಿದೆ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಕರುಳಿನ ಕೊನೆಯ ಭಾಗ ಉಳಿದಿದೆ ಎಂಬುದರಿಂದ ಇವನಿಗೆ ಜೀವನಪೂರ್ತಿ ಬಿ12 ಇಂಜೆಕ್ಷನ್ ಬೇಕಾಗುವ ಸಂಭವ ಕಡಿಮೆ ಎಂಬುದೂ ತಿಳಿಯುತ್ತದೆ, ಏಕೆಂದರೆ ಆ ವಿಟಮಿನ್ನನ್ನು ಹೀರಿಕೊಳ್ಳುವುದು ಅಲ್ಲಿಯೇ.

“ಕೊಳೆತ” ಎಂಬ ವಿಶೇಷಣದ ಬಗ್ಗೆ ಒಂದು ಮಾತು. ಈ ನೋಟ್ಸಿನಲ್ಲಿ ನಡೆಯದ್ದನ್ನು ಹೇಳಿದ ಮಾತು ಒಂದಿದೆ ಎಂದೆನಲ್ಲ, ಅದು ಇದಲ್ಲ. ಆದರೆ ಇದೂ ಪೂರ್ತಿ ಸರಿಯಲ್ಲ. ಅಪಘಾತವಾಗಿ ಎರಡೂವರೆ ಗಂಟೆಯಲ್ಲಿ ಕರುಳು ಕೊಳೆಯುವುದಿಲ್ಲ. ಸರ್ಜನ್ ಕಂಡದ್ದು ಬೇರೆ: ಬಣ್ಣ ಕಂದಿದ, ಮಿಸುಕದ ಕರುಳು, ಅದರ ಪರದೆಯಲ್ಲಿ ನಾಡಿ ಬಡಿತ ಇಲ್ಲ, ಬಿಸಿ ಮಾಪ್ ಸುತ್ತಿ 10 ನಿಮಿಷ ಕಾದರೂ ಬಣ್ಣ ಮರಳಲಿಲ್ಲ. ಇದನ್ನೇ ಬರೆಯಬೇಕು. ಕಂಡದ್ದು ಒಂದು, ಕಂಡದ್ದರಿಂದ ತೀರ್ಮಾನಿಸಿದ್ದು ಇನ್ನೊಂದು. ತೀರ್ಮಾನವನ್ನಷ್ಟೇ ಬರೆದರೆ ಅದು ಸರಿಯೇ ಎಂದು ತೂಗಿ ನೋಡಲು ಎರಡನೆಯವರಿಗೆ ಏನೂ ಸಿಗುವುದಿಲ್ಲ. ಕಂಡದ್ದನ್ನು ಬರೆದಿದ್ದರೆ, ಪಕ್ಕದ ಕರುಳೂ ಅರೆಮನಸ್ಸಿನ ಬಣ್ಣದಲ್ಲಿತ್ತೆ, ಎರಡನೆಯ ಸಲ ಅದನ್ನು ಮೊದಲು ನೋಡಬೇಕೆ ಎಂದು ಅವರು ಅಲ್ಲಿಯೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಈಗ ಆ ಮಾತು: “ಉಳಿದ ಅಂಗಗಳು ನಾರ್ಮಲ್.”

ನೂರಾರು ಓಟಿ ನೋಟ್ಸ್‌ಗಳಲ್ಲಿ ಈ ಸಾಲು ಹೀಗೇ ಇರುತ್ತದೆ. ಬೆರಳು ತಾನಾಗಿ ಬರೆದುಬಿಡುತ್ತದೆ; ಈಗ ಕಂಪ್ಯೂಟರ್ ಟೆಂಪ್ಲೇಟಿನಲ್ಲಿ ಅದು ಮೊದಲೇ ಅಚ್ಚಾಗಿರುತ್ತದೆ. ವರ್ಷಗಳ ಹಿಂದೆಯೇ ಪಿತ್ತಕೋಶ ತೆಗೆಸಿಕೊಂಡವರ ಪಿತ್ತಕೋಶವೂ ಟೆಂಪ್ಲೇಟಿನ ದಯದಿಂದ ನಾರ್ಮಲ್ ಆಗಿರುವ ನೋಟ್ಸ್‌ಗಳು ಸಿಗುತ್ತವೆ. ಆದರೆ ನಮ್ಮ ಪ್ರಕರಣದಲ್ಲಿ ಇದು ನಗುವ ವಿಷಯವಲ್ಲ. ಆ ರಾತ್ರಿ ಸರ್ಜನ್ ಎಲ್ಲ ಅಂಗಗಳನ್ನು ನೋಡಿಲ್ಲ, ನೋಡುವಂತೆಯೂ ಇರಲಿಲ್ಲ. ರೋಗಿಯ ಮೈ 34.4 ಡಿಗ್ರಿಗೆ ಇಳಿದಿತ್ತು, ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು, ಶೇಖರಣಾ ಘಟಕದಲ್ಲಿದ್ದ ಎರಡೂ ಯೂನಿಟ್ ರಕ್ತ ಮುಗಿದಿತ್ತು. ನಿಲ್ಲಿಸಿದ್ದು ಸರಿ. ನಿಲ್ಲಿಸಿದ ಕಾರಣವಾಗಿ ಈ ಮೂರನ್ನೂ ನೋಟ್ಸಿನಲ್ಲಿ ಬರೆಯಬೇಕು. ಬರೆಯದಿದ್ದರೆ ನಾಳೆ ಯಾರೋ ಇದನ್ನು ಅರ್ಧಂಬರ್ಧ ಕೆಲಸ ಎನ್ನುತ್ತಾರೆ.

ಹೊಟ್ಟೆಯ ಒಳಗೆ ನೋಡುವುದಕ್ಕೂ ಹಂತಗಳಿವೆ. ಗುಲ್ಮವನ್ನು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ, ಗಾಯವಿಲ್ಲ ಎನ್ನಬಹುದು. ಜಠರದ ಮುಂಭಾಗ ಕಣ್ಣಿಗೆ ಬೀಳುತ್ತದೆ, ಹಿಂಭಾಗ ನೋಡಲು ಒಂದು ಪದರ ಬಿಡಿಸಿ ಹಿಂದಿನ ಚೀಲದೊಳಕ್ಕೆ ಇಳಿಯಬೇಕು. ಮೇದೋಜೀರಕ ಗ್ರಂಥಿ ಕಾಣುವುದೂ ಅಲ್ಲೇ. ಡುವೊಡಿನಂನ ಬಹುಭಾಗ ಬೆನ್ನಿಗೆ ಅಂಟಿಕೊಂಡಿರುತ್ತದೆ; ಅದರ ಹಿಂಬದಿ ನೋಡಬೇಕಾದರೆ ಅಂಚಿನ ಪೊರೆ ಬಿಡಿಸಿ ಅದನ್ನು ಎಡಕ್ಕೆ ಹೊರಳಿಸಬೇಕು. ಹ್ಯಾಂಡಲ್ ಪೆಟ್ಟಿಗೆ ಬೆನ್ನುಮೂಳೆಯ ಮೇಲೆ ಸಿಕ್ಕಿಬಿದ್ದು ಸೀಳುವ ಅಂಗಗಳೆಂದರೆ ಇವೇ ಎರಡು. ಡುವೊಡಿನಂ ಹಿಂಬದಿಗೆ ಸೀಳಿದರೆ ರಸ ಹೊಟ್ಟೆಯೊಳಗೆ ಹರಡದೆ ಬೆನ್ನ ಕಡೆ ಸೋರುತ್ತದೆ, ಮೊದಲ ದಿನ ಸುಳಿವೇ ಕೊಡದೆ ಇರಬಹುದು. ಜ್ವರ, ಏರುವ ನಾಡಿ, ಬೆನ್ನು ನೋವು ಕಾಣುವ ಹೊತ್ತಿಗೆ ಕೆಟ್ಟ ಸೋಂಕು ಹಬ್ಬಿರುತ್ತದೆ.

“ನಾರ್ಮಲ್” ಎಂದು ಓದಿದ ಎರಡನೆಯ ಸರ್ಜನ್ ಅಲ್ಲಿ ಹುಡುಕುವುದಿಲ್ಲ. ಒಬ್ಬರು ನೋಡಿದ್ದಾರೆ, ಇನ್ನು ನಾನೇಕೆ ಬಿಡಿಸಿ ನೋಡಲಿ ಎನ್ನುವುದು ಸಹಜ. ಹಾಗಾಗಿ ಮೂರು ಬೇರೆ ಬೇರೆ ಮಾತುಗಳು ಬೇಕು. “ನೋಡಿದೆ, ಗಾಯವಿಲ್ಲ: ಗುಲ್ಮ, ಜಠರದ ಮುಂಭಾಗ, ಪಿತ್ತಕೋಶ, ದೊಡ್ಡ ಕರುಳು, ಮೂತ್ರಕೋಶ. ಕೈಯಲ್ಲಿ ಮುಟ್ಟಿ ನೋಡಿದ್ದು ಮಾತ್ರ: ಎರಡೂ ಬದಿಯ ವಪೆ. ನೋಡಿಲ್ಲ: ಜಠರದ ಹಿಂಭಾಗ, ಮೇದೋಜೀರಕ ಗ್ರಂಥಿ, ಡುವೊಡಿನಂನ ಹಿಂಬದಿ. ಬಲ ಮೂತ್ರಪಿಂಡದ ಸುತ್ತ ರಕ್ತ ಹೆಪ್ಪುಗಟ್ಟಿದೆ, ಆಪರೇಷನ್ ನಡೆಯುವಷ್ಟು ಹೊತ್ತು ದೊಡ್ಡದಾಗಲಿಲ್ಲ, ತೆರೆದಿಲ್ಲ.” ಇಡೀ ನೋಟ್ಸಿನಲ್ಲಿ ನಾನು ಹೆಚ್ಚು ಬೆಲೆ ಕಟ್ಟುವುದು ಈ “ನೋಡಿಲ್ಲ” ಎಂಬ ಸಾಲಿಗೆ. ಮೆಡಿಕಲ್ ಕಾಲೇಜಿನಲ್ಲಿ ರೋಗಿ ಸ್ವಲ್ಪ ಸುಧಾರಿಸಿದ ಕೂಡಲೇ ಸಿಟಿ ಸ್ಕ್ಯಾನಿಗೆ ಒಯ್ಯುವಾಗ ರೇಡಿಯಾಲಜಿಸ್ಟ್‌ಗೆ ಏನು ಹುಡುಕಬೇಕೆಂದು ಹೇಳಿಕೊಡುವುದು ಅದೇ. ಎರಡನೆಯ ಸಲ ಹೊಟ್ಟೆ ತೆರೆದಾಗ ಮಾಪ್ ತೆಗೆದ ನಂತರ ಕೈ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅದೇ ಹೇಳುತ್ತದೆ.

ಇಂಥ ಸಾಲನ್ನು ಬರೆಯಲು ಸರ್ಜನ್‌ಗಳು ಯಾಕೆ ಹಿಂಜರಿಯುತ್ತಾರೆ ಎಂಬುದು ಗುಟ್ಟೇನಲ್ಲ. ನಾಳೆ ಕೋರ್ಟಿನಲ್ಲಿ, ಯಾಕೆ ನೋಡಲಿಲ್ಲ ಎಂದು ಕೇಳಿದರೆ? ಅಪಘಾತದ ಪ್ರಕರಣವಾದ್ದರಿಂದ ಪೊಲೀಸ್ ದಾಖಲೆಯೂ ಇರುತ್ತದೆ, ಭಯ ಪೂರ್ತಿ ಸುಳ್ಳಲ್ಲ. ಆದರೆ 34.4 ಡಿಗ್ರಿ ಎಂಬ ಅಂಕಿಯ ಪಕ್ಕದಲ್ಲಿ “ನೋಡಿಲ್ಲ” ಎಂದಿದ್ದರೆ ಅದು ಉತ್ತರವನ್ನೂ ತನ್ನ ಜೊತೆಗೇ ಇಟ್ಟುಕೊಂಡಿರುತ್ತದೆ. “ನಾರ್ಮಲ್” ಎಂದು ಬರೆದು ಮೂರನೆಯ ದಿನ ಡುವೊಡಿನಂ ಸೀಳು ಸಿಕ್ಕರೆ ಅದಕ್ಕೆ ಉತ್ತರ ಇರುವುದಿಲ್ಲ.

ಉಳಿದ ಅಂಶಗಳನ್ನು ಬೇಗ ಹೇಳಿ ಮುಗಿಸಬಹುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ತನ್ನ ಸದಸ್ಯರಿಗೆ ಕೊಟ್ಟಿರುವ ಪಟ್ಟಿಯಲ್ಲಿ ದಿನಾಂಕ ಮತ್ತು ಸಮಯ, ತುರ್ತೋ ಅಲ್ಲವೋ, ಸರ್ಜನ್, ಸಹಾಯಕರು ಮತ್ತು ಅರಿವಳಿಕೆ ತಜ್ಞರ ಹೆಸರು, ಎಲ್ಲಿ ಕೊಯ್ದದ್ದು, ಕಂಡದ್ದು, ಮಾಡಿದ್ದು, ಎದುರಾದ ತೊಡಕು, ಮೊದಲು ಹೇಳದೆ ಮಾಡಬೇಕಾಗಿ ಬಂದದ್ದು ಮತ್ತು ಅದರ ಕಾರಣ, ತೆಗೆದದ್ದು, ಒಳಗೆ ಇಟ್ಟದ್ದು, ಮುಚ್ಚಿದ ರೀತಿ, ರಕ್ತನಷ್ಟ, ಆಂಟಿಬಯಾಟಿಕ್, ಮುಂದಿನ ಸೂಚನೆ, ಸಹಿ, ಹೀಗೆ ಸಾಗುತ್ತದೆ. ನಮ್ಮ ಟೆಂಪ್ಲೇಟ್‌ಗಳೂ ಹೆಚ್ಚುಕಡಿಮೆ ಇವನ್ನೇ ಕೇಳುತ್ತವೆ. ಪಟ್ಟಿ ಒಳ್ಳೆಯದೇ, ಆದರೆ ಮೇಲಿನ ಏಳು ವಾಕ್ಯದ ನೋಟ್ಸ್ ಕೂಡ ಆ ಪಟ್ಟಿಯ ಬಹಳಷ್ಟು ಮನೆಗಳನ್ನು ತುಂಬಿಸಿಬಿಡುತ್ತದೆ. ಕಂಡದ್ದು ಎಂಬ ಮನೆಯಲ್ಲಿ “ಲಿವರಿಗೆ ಗಾಯ” ಎಂದು ಬರೆದರೆ ಪಟ್ಟಿಗೆ ಸಮಾಧಾನ, ಓದುವವನಿಗಲ್ಲ.

ಮುಚ್ಚಿದ ರೀತಿ ನಮ್ಮ ರೋಗಿಯಲ್ಲಿ ಕೊಂಚ ವಿಶೇಷ. ಊದುವ ಕರುಳಿಗೆ ಜಾಗ ಬೇಕೆಂದು ಹೊಟ್ಟೆಯ ಗೋಡೆಯನ್ನು ಹೊಲಿದಿಲ್ಲ. ಸ್ಟೆರೈಲ್ ಪ್ಲಾಸ್ಟಿಕ್ ಚೀಲವೊಂದನ್ನು ಬಿಡಿಸಿ, ಚರ್ಮದ ಅಂಚಿಗೆ ಹೊಲಿದು ಮುಚ್ಚಿದೆ. 1984ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಒಸ್ವಾಲ್ಡೊ ಬೊರಾಯೆಸ್ ಮಾಡಿದ್ದರಿಂದ ಇದಕ್ಕೆ ಬೊಗೋಟಾ ಬ್ಯಾಗ್ ಎಂದು ಹೆಸರು. ಗೋಡೆಗೆ ಹೊಲಿಗೆ ಹಾಕಿಲ್ಲ, ಚರ್ಮಕ್ಕೆ ಮಾತ್ರ ಹಾಕಿದೆ ಎಂಬುದು ನೋಟ್ಸಿನಲ್ಲಿರಬೇಕು, ಏಕೆಂದರೆ ಗೋಡೆಯ ಅಂಚು ಹರಿಯದೆ ಉಳಿದಿದೆ ಎಂದು ಮುಂದೆ ಅದನ್ನು ಮುಚ್ಚುವವರಿಗೆ ಅದರಿಂದ ತಿಳಿಯುತ್ತದೆ. ಡ್ರೈನ್ ಒಂದೇ, ಲಿವರಿನ ಅಡಿಯಿಂದ ಬಲ ಪಕ್ಕಕ್ಕೆ ಹೊರಬಂದಿದೆ. ಎರಡು ಇದ್ದರೆ ಯಾವುದರ ತುದಿ ಎಲ್ಲಿದೆ ಎಂದು ನಂಬರ್ ಹಾಕಿ ಬರೆದು, ಟ್ಯೂಬಿನ ಮೇಲೂ ಪ್ಲಾಸ್ಟರ್ ಅಂಟಿಸಿ ಅದೇ ನಂಬರ್ ಹಾಕಬೇಕು. ಚರ್ಮದ ಮೇಲೆ ಪಕ್ಕಪಕ್ಕದಲ್ಲಿ ಹೊರಬಂದ ಎರಡು ಟ್ಯೂಬ್‌ಗಳು ಒಳಗೆ ಎಲ್ಲೆಲ್ಲೋ ಇರಬಹುದು. ಒಂದರಲ್ಲಿ ಪಿತ್ತ ಬಂದರೆ ಅದು ಎಲ್ಲಿಂದ ಎಂದು ಹೊರಗಿನಿಂದ ಹೇಳಲಾಗದು.

ರಕ್ತನಷ್ಟವನ್ನು “ಸುಮಾರು 2 ಲೀಟರ್, ಸಕ್ಷನ್ ಬಾಟಲಿಯಲ್ಲಿ 1,600 ಮಿ.ಲೀ., ಹೆಪ್ಪುಗಳು ಬೇರೆ” ಎಂದು ಹೇಗೆ ಲೆಕ್ಕ ಹಾಕಿದ್ದೆಂಬುದರ ಸಮೇತ ಬರೆದರೆ ಆ ಅಂಕಿಯನ್ನು ಎಷ್ಟು ನಂಬಬೇಕೆಂದು ಓದುವವರು ತಿಳಿಯುತ್ತಾರೆ. ಔಷಧಿಗಳಲ್ಲಿ ಒಂದಕ್ಕೆ ಸಮಯ ಬರೆಯದೆ ಆಗುವುದೇ ಇಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ರಕ್ತ ನಿಲ್ಲಿಸುವ ಔಷಧಿಯನ್ನು ಗಾಯವಾಗಿ 3 ಗಂಟೆಯೊಳಗೆ ಶುರು ಮಾಡಬೇಕು. ಮೊದಲು 1 ಗ್ರಾಂ, ನಂತರ 8 ಗಂಟೆಯಲ್ಲಿ ಇನ್ನೊಂದು ಗ್ರಾಂ. ಅಪಘಾತ 8ಕ್ಕೆ, ಮೊದಲ ಡೋಸ್ 9.30ಕ್ಕೆ, ಎರಡನೆಯದು ಹರಿಯುತ್ತಿದೆ ಎಂದು ಬರೆದಿಲ್ಲದಿದ್ದರೆ ಬೆಳಗಿನ ಜಾವದ ಡಾಕ್ಟರು ಮತ್ತೆ ಕೊಡಬೇಕೋ ಬೇಡವೋ ಎಂಬ ಗೊಂದಲಕ್ಕೆ ಬೀಳುತ್ತಾರೆ. ತಡವಾಗಿ ಹೊಸದಾಗಿ ಶುರು ಮಾಡಿದರೆ ಅದರಿಂದ ಕೇಡೂ ಆಗಬಹುದು.

ನೋಟ್ಸ್ ಯಾವಾಗ ಬರೆಯಬೇಕು? ರೋಗಿ ಓಟಿಯಿಂದ ಹೊರಗೆ ಹೋಗುವ ಮುನ್ನ. ಅರಿವಳಿಕೆ ತಜ್ಞರು ರೋಗಿಯನ್ನು ಆಂಬುಲೆನ್ಸಿಗೆ ಅಣಿ ಮಾಡುವ ಹದಿನೈದು ನಿಮಿಷದಲ್ಲಿ ಇಷ್ಟೂ ಬರೆಯಲು ಆಗುತ್ತದೆ, ನೋಟ್ಸ್ ಒಂದು ಪುಟ ದಾಟುವುದಿಲ್ಲ. ಬರೆಯಲು ಹೊತ್ತಿಲ್ಲ ಎನಿಸಿದರೆ ಚಿತ್ರ ಬರೆಯಬಹುದು: ಲಿವರಿನ ಹೊರಗೆರೆ, ಸೀಳಿಗೆ ಒಂದು ಗೀಟು, ಮಾಪ್‌ಗಳಿಗೆ ಐದು ಚೌಕ, ಕರುಳಿಗೆ ಎರಡು ತುಂಡು ಕೊಳವೆ ಮತ್ತು ಮೇಲೆ ಮೂರು ಸಂಖ್ಯೆ, 150, 40, 180. ಚಿತ್ರಕಲೆ ಬರಬೇಕಾಗಿಲ್ಲ. ಎಡ ಬಲ ಗುರುತು ಹಾಕಿರಬೇಕು ಅಷ್ಟೇ.

ಎರಡನೆಯ ತಂಡ ತನ್ನ ಕೆಲಸ ಮುಗಿಸಿದ ಮೇಲೆ ಅದರ ನೋಟ್ಸಿಗೂ ಇದೇ ಕಟ್ಟುಪಾಡು. “ಹಿಂದಿನ ಆಪರೇಷನ್ನಿನ ಮಾಪ್ 5 ತೆಗೆಯಲಾಗಿದೆ” ಎಂಬುದನ್ನು ಈಗಿನ ಮಾಪ್‌ಗಳ ಲೆಕ್ಕದ ಜೊತೆ ಕಲಸದೆ ಬೇರೆಯಾಗಿ ಬರೆದು, ಹೊಟ್ಟೆ ಮುಚ್ಚುವ ಮುನ್ನ ಎಕ್ಸ್‌ರೇ ತೆಗೆದು ನೋಡಿದ್ದನ್ನೂ ಸೇರಿಸಬೇಕು. ಡುವೊಡಿನಂ ಹೊರಳಿಸಿ ನೋಡಿದೆ, ಸೀಳಿಲ್ಲ ಎಂದೂ ಬರೆಯಬೇಕು. ಮೊದಲ ನೋಟ್ಸ್ ಬಿಟ್ಟುಹೋದ ಪ್ರಶ್ನೆಗೆ ಉತ್ತರ ಅದು.

ಇಂಥ ರೋಗಿಗೆ ಮೂರನೆಯ ಓದುಗನೊಬ್ಬ ಬೇಕಾಗುವ ಸಾಧ್ಯತೆಯೂ ಇದೆ. ತೆರೆದಿಟ್ಟ ಹೊಟ್ಟೆಯ ಗೋಡೆ ಎಷ್ಟೋ ಸಲ ಪೂರ್ತಿ ಕೂಡುವುದಿಲ್ಲ. ತಿಂಗಳುಗಳ ಅಥವಾ ವರ್ಷಗಳ ಮೇಲೆ ಹರ್ನಿಯಾ ಆಪರೇಷನ್ ಆಗಬೇಕಾಗುತ್ತದೆ, ಅದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನಡೆದೀತು. ಕರುಳಿನ ಜೋಡಣೆ ಎಲ್ಲಿದೆ, ಗೋಡೆಯನ್ನು ಯಾವ ದಾರದಿಂದ ಹೊಲಿದಿದ್ದರು, ಮೆಶ್ ಇಟ್ಟಿದ್ದರೆ ಯಾವ ಪದರದಲ್ಲಿ ಎಂದು ಆ ಸರ್ಜನ್ ಕೇಳುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದು ಯಾವುದೂ ಇರುವುದಿಲ್ಲ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿ ಅಥವಾ ಅವನ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹರ್ನಿಯಾ ನಾಲ್ಕನೆಯ ವರ್ಷಕ್ಕೆ ಬಂದರೆ ರೆಕಾರ್ಡ್ ರೂಮಿನಲ್ಲಿ ಹಾಳೆ ಸಿಗುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಮನೆಯವರು ಬಿಡುಗಡೆಯ ಹೊತ್ತಿಗೇ ಎರಡೂ ಆಸ್ಪತ್ರೆಗಳಲ್ಲಿ ಓಟಿ ನೋಟ್ಸ್ ಎಂದು ಹೆಸರಿಟ್ಟು ಕೇಳಿ, ಜೆರಾಕ್ಸ್ ಪಡೆದು, ಬಿಲ್ಲಿನ ಜೊತೆ ಇಟ್ಟುಕೊಳ್ಳಬೇಕು. ಮುಂದೆ ಯಾವ ಊರಿನ ಸರ್ಜನ್ ಎದುರಿಗೆ ಕೂತರೂ ಮೊದಲು ತೋರಿಸಬೇಕಾದ ಹಾಳೆಗಳು ಅವೇ.